ಮೂರು ಅಳತೆಗೆ ಒಂದೇ ಕಾಂಪೊಸಿಟ್: ಅಕ್ಷರವನ್ನು ಮಾತ್ರ ಅದರೊಳಗೆ ಹಾಕಬೇಡಿ

ಪ್ರಶ್ನೆ: ಒಂದೇ ಕಾಂಪೊಸಿಟ್ ಮಾಡಿ, ಹೆಸರು, ದಿನಾಂಕ ಎಲ್ಲ ಅದರಲ್ಲೇ ಹಾಕಿ, ಸ್ಕ್ವೇರ್ ಪೋಸ್ಟ್, ಸ್ಟೋರಿ, ಅಗಲದ ಬ್ಯಾನರ್ ಮೂರಕ್ಕೂ ಕ್ರಾಪ್ ಮಾಡ್ಕೋಬೇಕು. ಕ್ಯಾನ್ವಾಸ್ ಎಷ್ಟು ಸೈಜ್ ಇಡ್ಲಿ?

ಯಕ್ಷಗಾನದ ಒಂದು ಆಟಕ್ಕೆ ನಾನೂ ಹೀಗೇ ಮಾಡಲು ಹೋಗಿದ್ದೆ. ಸಂಘದವರಿಗೆ ಮೊದಲು ಬೇಕಿದ್ದಿದ್ದು ಅಗಲದ ಬ್ಯಾನರ್. ಹಾಗಾಗಿ 1920×1080ರಲ್ಲೇ ಶುರು ಮಾಡಿದೆ. ಬಲಕ್ಕೆ ರಾಜವೇಷ, ಎಡಕ್ಕೆ ಪ್ರಸಂಗದ ಹೆಸರು, ಹಿಂದೆ ರಾತ್ರಿಯ ಆಕಾಶ. ನೋಡಲು ಚೆನ್ನಾಗಿಯೇ ಇತ್ತು. ಆಮೇಲೆ ಸ್ಟೋರಿಗೆ ಉದ್ದದ್ದು ಕೇಳಿದರು.

1080 ಎತ್ತರದ ಚಿತ್ರದಿಂದ 9:16 ಕತ್ತರಿಸಿದರೆ ಸಿಗುವ ಅಗಲ ಬರೀ 607 ಪಿಕ್ಸೆಲ್. ಅದನ್ನು 1080ಕ್ಕೆ ಎಳೆದಾಗ ಕಿರೀಟದ ಬೇಗಡೆ ಕೆಲಸವೆಲ್ಲ ಮಸುಕಾಯಿತು. ಸರಿ, ಕತ್ತರಿಸುವುದು ಬೇಡ, ಕ್ಯಾನ್ವಾಸನ್ನೇ ಮೇಲೆ ಕೆಳಗೆ ಬೆಳೆಸೋಣ ಎಂದುಕೊಂಡೆ. ಬೆಳೆಸಿದ ಕೂಡಲೇ ಗೊತ್ತಾಯಿತು, ರಾಜನಿಗೆ ಮೊಣಕಾಲಿನ ಕೆಳಗೆ ಏನೂ ಇಲ್ಲ!

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನನಗೆ ದುಬಾರಿಯಾಗಿದ್ದು ಇದೇ. ಕಟೌಟ್ ಮಾಡುವ ಮೊದಲು ಫೋಟೋವನ್ನು ಬ್ಯಾನರ್ ಅಳತೆಗೆ ಕ್ರಾಪ್ ಮಾಡಿದ್ದೆ. ಫೋಟೋಶಾಪ್‌ನ ಕ್ರಾಪ್ ಟೂಲ್‌ನಲ್ಲಿ `Delete Cropped Pixels` ಅಂತ ಒಂದು ಟಿಕ್ ಇದೆಯಲ್ವಾ, ಅದು ಆನ್ ಇತ್ತು. ಟಿಕ್ ಇಲ್ಲದಿದ್ದರೆ ಹೊರಗೆ ಹೋದ ಭಾಗ ಬರೀ ಮರೆಯಾಗಿರುತ್ತದೆ, ಬೇಕಾದಾಗ ಎಳೆದುಕೊಳ್ಳಬಹುದು. ಟಿಕ್ ಇದ್ದರೆ ಹೋಯಿತು ಅಂದರೆ ಹೋಯಿತು. ಅದರ ಮೇಲೇ ಸೇವ್ ಮಾಡಿಬಿಟ್ಟಿದ್ದೆ. ಫೋಟೋ ತೆಗೆದವರ ಹತ್ತಿರವೂ ಮೂಲ ಫೈಲ್ ಉಳಿದಿರಲಿಲ್ಲ. ಬ್ಯಾನರ್‌ನಲ್ಲಿ ಇದು ಕಾಣಲೇ ಇಲ್ಲ, ಏಕೆಂದರೆ ಕತ್ತರಿಸಿದ ಗೆರೆ ಸರಿಯಾಗಿ ಚಿತ್ರದ ಅಂಚಿನ ಮೇಲೇ ಕೂತಿತ್ತು. ಕೆಳಗೆ ಹೊಗೆ ಹಾಕಿ ಮುಚ್ಚಿ ಕಳಿಸಿದೆ. "ವೇಷಕ್ಕೆ ಗೆಜ್ಜೆಯೇ ಇಲ್ವಲ್ಲ ಮಾರಾಯ್ರೆ" ಎಂದರು. ಬ್ಯಾನರ್‌ನ ದುಡ್ಡು ಮಾತ್ರ ಬಂತು.

ಈಗ ನಿಮ್ಮ ಕ್ಯಾನ್ವಾಸ್. 3840×3840 ಇಡಿ. `New Guide Layout` ತೆರೆದು ನಾಲ್ಕೂ ಕಡೆ ಮಾರ್ಜಿನ್ 840 ಪಿಕ್ಸೆಲ್ ಕೊಡಿ. ನಡುವೆ 2160ರ ಒಂದು ಚೌಕ ಬರುತ್ತದೆ. ನಡುವಿನ ಉದ್ದದ ಪಟ್ಟಿ ಪೂರ್ತಿ ತೆಗೆದರೆ ಸ್ಟೋರಿ, ಅಡ್ಡಪಟ್ಟಿ ತೆಗೆದರೆ ಬ್ಯಾನರ್. ಎರಡರಲ್ಲೂ ಉಳಿಯುವುದು ಆ ಚೌಕ ಮಾತ್ರ. ಸ್ಟೋರಿಯಲ್ಲಿ ಮೇಲೆ ಪ್ರೊಫೈಲ್ ಹೆಸರು, ಕೆಳಗೆ ರಿಪ್ಲೈ ಜಾಗ ಬರುತ್ತದೆ. ಅವು ಚೌಕದ ತನಕ ಬರುವುದಿಲ್ಲ. ರೀಲ್ಸ್‌ನಲ್ಲಿ ಮಾತ್ರ ಕೆಳಗಡೆ ಇನ್ನೂ ಜಾಸ್ತಿ ಮುಚ್ಚುತ್ತದೆ.

ಇಡೀ ವೇಷವನ್ನು ಚೌಕದೊಳಗೆ ತುರುಕಬೇಡಿ, ಸ್ಟೋರಿಯಲ್ಲಿ ಗೊಂಬೆ ನಿಲ್ಲಿಸಿದ ಹಾಗೆ ಕಾಣುತ್ತದೆ. ಕಿರೀಟದ ತುದಿಯಿಂದ ತೊಡೆಯ ನಡುವಿನವರೆಗೆ ಚೌಕದಲ್ಲಿರಲಿ. ಕಾಲು, ಗೆಜ್ಜೆ, ನೆರಳು ಕೆಳಗಿನ ಪಟ್ಟಿಗೆ ಇಳಿಯಲಿ. ಆಗ ಬ್ಯಾನರ್‌ನ ಕೆಳಗಿನ ಅಂಚು ತೊಡೆಯ ಮೇಲೆ ಬೀಳುತ್ತದೆ, ಅದು ಕಣ್ಣಿಗೆ ಸಹಜ. ಅದೇ ಅಂಚು ಮೊಣಕಾಲಿನ ಗಂಟಿಗೆ ಬಿದ್ದರೆ ಕಾಲು ಕಡಿದ ಹಾಗಾಗುತ್ತದೆ. ಚಾಚಿದ ಕೈ ಇದ್ದರೆ ಸ್ಟೋರಿಯ ಪಕ್ಕದ ಗೆರೆ ಮಣಿಕಟ್ಟಿಗೆ ಬೀಳದಂತೆ ನೋಡಿಕೊಳ್ಳಿ. ಎಡಬಲದ ರೆಕ್ಕೆಗಳಲ್ಲಿ ಚೆಂಡೆ, ಮದ್ದಳೆಯವರು ಮಸುಕಾಗಿರಲಿ. ಹೋದರೂ ನಷ್ಟವಿಲ್ಲ.

ನಾಲ್ಕು ಮೂಲೆಗಳು ಬ್ಯಾನರ್‌ನಲ್ಲೂ ಇಲ್ಲ, ಸ್ಟೋರಿಯಲ್ಲೂ ಇಲ್ಲ. ಅದಕ್ಕೇ ಎಲ್ಲರೂ ಅಲ್ಲಿ ಸೋಮಾರಿಗಳಾಗುತ್ತಾರೆ. ಒಂದೇ ಮೋಡ ಎರಡು ಸಲ ಕ್ಲೋನ್ ಆಗಿರುತ್ತದೆ, ಮಾಸ್ಕಿನ ಅಂಚು ಉಳಿದಿರುತ್ತದೆ. ಸ್ಕ್ವೇರ್ ಪೋಸ್ಟಿಗೆ ನಾನು ಚೌಕಕ್ಕಿಂತ ಹೊರಗೆ ಬಂದು 2800ರಷ್ಟು ತೆಗೆಯುತ್ತೇನೆ, ಇಲ್ಲದಿದ್ದರೆ ಕಿರೀಟಕ್ಕೆ ಉಸಿರಾಡಲು ಜಾಗ ಇರುವುದಿಲ್ಲ. ಆಗ ಮೂಲೆಯ ಗಲೀಜೆಲ್ಲ ಬಯಲಿಗೆ.

ಇನ್ನು ಹೆಸರು, ದಿನಾಂಕ. ನಿಮ್ಮ ಪ್ರಶ್ನೆಯಲ್ಲಿ ನಾನು ಒಪ್ಪದೇ ಇರುವುದು ಇದೊಂದೇ. ಮುಖವೂ ಅಕ್ಷರವೂ ಅದೇ ಚೌಕಕ್ಕೆ ಜಗಳವಾಡಿದರೆ ಎರಡೂ ಚಿಕ್ಕದಾಗುತ್ತವೆ. ಬ್ಯಾನರ್‌ನಲ್ಲಿ ಅಕ್ಷರಕ್ಕೆ ಜಾಗ ಪಕ್ಕದಲ್ಲಿದೆ, ಸ್ಟೋರಿಯಲ್ಲಿ ಕೆಳಗಿದೆ. ಹಾಗಾಗಿ ಮಾಸ್ಟರ್ ಫೈಲಿನಲ್ಲಿ ಚಿತ್ರ ಮಾತ್ರ ಇರಲಿ. ಮೂರು ಬೇರೆ ಫೈಲ್ ತೆರೆದು, ಮಾಸ್ಟರನ್ನು `Place Linked` ಮೂಲಕ ಒಳಗೆ ತನ್ನಿ. ಅಕ್ಷರ ಅಲ್ಲಲ್ಲೇ ಕೂರಿಸಿ. ಆಮೇಲೆ ವೇಷದ ಬಣ್ಣ ತಿದ್ದಿದರೆ ಮಾಸ್ಟರ್ ಸೇವ್ ಮಾಡಿ, ಲಿಂಕ್ ಅಪ್‌ಡೇಟ್ ಕೊಟ್ಟರಾಯಿತು, ಮೂರರಲ್ಲೂ ಬದಲಾಗುತ್ತದೆ.

ಅಂಚು ಕಪ್ಪಾಗಿಸುವ ವಿನ್ಯೆಟ್ ಕೂಡ ಈ ಮೂರು ಫೈಲುಗಳಲ್ಲೇ ಹಾಕಿ. ಮಾಸ್ಟರ್‌ನಲ್ಲಿ ಹಾಕಿದರೆ ಬ್ಯಾನರ್‌ನ ಎಡಬಲ ಮಾತ್ರ ಕಪ್ಪಾಗಿ, ಮೇಲೆ ಕೆಳಗೆ ಬೆಳಕು ಹಾಗೇ ಉಳಿಯುತ್ತದೆ. ಶಾರ್ಪನಿಂಗ್ ಅಂತೂ ಕೊನೇ ಅಳತೆಗೆ ಇಳಿಸಿದ ಮೇಲೆಯೇ.