ಎಸಿಎಲ್ ಹರಿದ ಕಬಡ್ಡಿ ರೇಡರ್‌ಗೆ ಆಪರೇಶನ್ನೋ, ವ್ಯಾಯಾಮವೋ?

"ನನಗೆ 22 ವರ್ಷ, ಹಾವೇರಿ ಕಡೆಯವನು, ರೇಡರ್. ಮೂರು ವಾರದ ಹಿಂದೆ ಮ್ಯಾಟ್ ಮೇಲೆ ತಿರುಗುವಾಗ ಮೊಣಕಾಲು ಕಟಕ್ ಅಂತು. ಎಂಆರ್‌ಐನಲ್ಲಿ ಮೊಣಕಾಲೊಳಗಿನ ಎಸಿಎಲ್ ಅಸ್ಥಿರಜ್ಜು ಪೂರ್ತಿ ಹರಿದಿದೆ, ಮೂಳೆಗಳ ನಡುವಿನ ಮೆತ್ತೆ ಮೆನಿಸ್ಕಸ್ ಸರಿ ಇದೆ. ಹುಬ್ಬಳ್ಳಿಯಲ್ಲಿ ಒಬ್ಬ ಡಾಕ್ಟರು ಈಗಲೇ ಆಪರೇಶನ್ ಅಂತಾರ, ಇನ್ನೊಬ್ಬರು ವ್ಯಾಯಾಮ ಸಾಕು ಅಂತಾರ. ಯಾರ ಮಾತು ಕೇಳಲಿ?"

ಈ ವಾರವೇ ತೀರ್ಮಾನ ಮಾಡಬೇಕಿಲ್ಲರೀ. ಮೆನಿಸ್ಕಸ್ ಹರಿದು ಸಿಕ್ಕಿಕೊಂಡು ಮೊಣಕಾಲು ಲಾಕ್ ಆಗಿದ್ದರೆ ಅವಸರವಿರುತ್ತಿತ್ತು, ನಿಮಗೆ ಅದಿಲ್ಲ. ಮೂರು ತಿಂಗಳು ಫಿಸಿಯೊ ಬಳಿ ಸರಿಯಾಗಿ ವ್ಯಾಯಾಮ ಮಾಡಿ, ಆಮೇಲೆ ಮೊಣಕಾಲೇ ಉತ್ತರ ಹೇಳುತ್ತದೆ.

ಸ್ವೀಡನ್ನಿನಲ್ಲಿ 121 ಮಂದಿಯ ಮೇಲೆ ನಡೆದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಕೆಲವರಿಗೆ ಬೇಗನೆ ಆಪರೇಶನ್, ಉಳಿದವರಿಗೆ ಮೊದಲು ವ್ಯಾಯಾಮ, ಬೇಕಾದರೆ ಮಾತ್ರ ಆಪರೇಶನ್. ಎರಡು ವರ್ಷಕ್ಕೆ ನೋವು, ಓಡಾಟ ಎರಡರಲ್ಲೂ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಐದು ವರ್ಷದೊಳಗೆ ವ್ಯಾಯಾಮದ ಗುಂಪಿನ ಅರ್ಧದಷ್ಟು ಜನ ಆಪರೇಶನ್ ಮಾಡಿಸಿಕೊಂಡರು. ವೃತ್ತಿಪರ ಆಟಗಾರರು ಆ ಅಧ್ಯಯನದಲ್ಲಿ ಇರಲೇ ಇಲ್ಲ, ರೇಡರ್ ಇದನ್ನು ಮರೆಯಬಾರದು.

ಈಗ ಮೊದಲ ಕೆಲಸ ಕಾಲನ್ನು ಪೂರ್ತಿ ನೆಟ್ಟಗೆ ಮಾಡುವುದು. ಹಿಮ್ಮಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಮೊಣಕಾಲಿನ ಕೆಳಗೆ ಏನೂ ಇಡದೆ ಹತ್ತು ನಿಮಿಷ, ದಿನಕ್ಕೆ ಹಲವು ಸಲ. ನೋವು ಕಡಿಮೆಯಾಗುತ್ತದೆಂದು ಮೊಣಕಾಲಡಿ ದಿಂಬು ಇಟ್ಟು ಮಲಗುವವರು ಬಹಳ. ಕಾಲು ಬಾಗಿದಲ್ಲೇ ಬಿಗಿಯಾಗುವುದು ಅಲ್ಲಿಂದಲೇ. ಮಂಚದ ಅಂಚಿಗೆ ಮೊಣಕಾಲು ಬರುವಂತೆ ಬೋರಲು ಮಲಗಿ, ಎರಡು ಹಿಮ್ಮಡಿಗಳ ಎತ್ತರ ನೋಡಿ. ನೋವಿನ ಕಾಲಿನದು ಮೇಲಿದ್ದರೆ ಇನ್ನೂ ನೆಟ್ಟಗಾಗಿಲ್ಲ. ಬಾವಿರುವಾಗ, ಬಿಗಿಯಿರುವಾಗ ಆಪರೇಶನ್ ಮಾಡಿಸಿದರೆ ಒಳಗೆ ಗಾಯದ ಅಂಟು ಬೆಳೆದು ಕಾಲು ಹಾಗೇ ಉಳಿಯಬಹುದು. ಎಣ್ಣೆ ಹಚ್ಚಿ ನೀವಿಸುವುದರಿಂದ ಹರಿದ ಎಸಿಎಲ್ ಕೂಡಲ್ಲ.

ಮುಂದೆ ತೊಡೆಯ ಬಲ, ಒಂಟಿಗಾಲಿನ ಸಮತೋಲನ. ಆ ಹೊತ್ತಿನಲ್ಲಿ ಗಮನಿಸಬೇಕಾದ್ದು ಒಂದೇ: ಮೆಟ್ಟಿಲಿಳಿಯುವಾಗ, ತಿರುಗುವಾಗ ಮೊಣಕಾಲು ಸಟಕ್ಕನೆ ಜಾರುತ್ತದೆಯೇ? ಪ್ರತಿ ಜಾರಿಕೆಯೂ ಇಂದು ಚೆನ್ನಾಗಿರುವ ಮೆನಿಸ್ಕಸ್‌ನ್ನು ಹರಿಯಬಲ್ಲದು. ಬಲ ಬಂದ ಮೇಲೂ ಜಾರಿದರೆ ಆಪರೇಶನ್ ಮಾಡಿಸಿ. ಜಾರದಿದ್ದರೆ, ಹೊಲದ ಕೆಲಸ, ಬೈಕು, ನೇರ ಓಟಕ್ಕೆ ಎಸಿಎಲ್ ಇಲ್ಲದೆಯೂ ಸಾಗುತ್ತದೆ. ರೇಡಿಂಗ್‌ಗೇ ಮರಳಬೇಕೆಂದರೆ ನನ್ನ ಒಲವು ಆಪರೇಶನ್ ಕಡೆಗೆ: ನಿಂತ ಕಾಲಿನ ಮೇಲೆ ಹೊರಳುವುದು, ಯಾರೋ ಪಾದ ಹಿಡಿದಿರುವಾಗ ಎಳೆದುಕೊಳ್ಳುವುದು, ಎರಡೂ ಎಸಿಎಲ್ ಮೇಲೆಯೇ ಬೀಳುವ ಭಾರ.

ಆಪರೇಶನ್ನಿನಲ್ಲಿ ಎಸಿಎಲ್ ಜಾಗಕ್ಕೆ ಹಾಕುವ ಸ್ನಾಯುರಜ್ಜು ಮೊದಲ ತಿಂಗಳುಗಳಲ್ಲಿ, ಹೊಸದಾಗಿ ರಕ್ತ ಹರಿಯುವ ತನಕ, ದುರ್ಬಲವಾಗಿರುತ್ತದೆ. ಮೂರನೇ ತಿಂಗಳಿಗೆ ನೋವು ಹೋಗಿರುತ್ತದೆ, ಊರ ಜಾತ್ರೆಯ ಟೂರ್ನಮೆಂಟ್ ಕಣ್ಣೆದುರು ಇರುತ್ತದೆ; ಮತ್ತೆ ಹರಿಯುವುದು ಅಲ್ಲಿ. ಒಂಬತ್ತು ತಿಂಗಳಿಗಿಂತ ಮೊದಲು ಮ್ಯಾಟ್ ಬೇಡ. ಆಗಲೂ ಒಂಟಿಗಾಲಲ್ಲಿ ಹಾರಿ ಅಳೆಯಿರಿ: ಸರಿ ಕಾಲು 150 ಸೆಂಟಿಮೀಟರ್ ಹಾರಿದರೆ ಆಪರೇಶನ್ ಕಾಲು ಕನಿಷ್ಠ 135 ಹಾರಬೇಕು. ಸೊಂಟ, ಪಾದದ ಬಲದಿಂದ ಹಾರಿ ದೂರ ತೋರಿಸುವವರೂ ಇದ್ದಾರೆ, ಆದ್ದರಿಂದ ತೊಡೆಯ ಮುಂದಿನ ಸ್ನಾಯುವಿನ ಬಲವನ್ನು ಯಂತ್ರದಲ್ಲಿ ಬೇರೆಯಾಗಿ ಅಳೆಸಿ.