ಆಪ್ತ ಸಮಾಲೋಚನೆಯ ಪೋಸ್ಟರಿನಲ್ಲಿ ‘ನೂರಕ್ಕೆ ನೂರು ಗೌಪ್ಯ’ ಎಂದು ಬರೆಯಬಹುದೇ?

“ನಮ್ಮ ಪಿಯು ಕಾಲೇಜಿನಲ್ಲಿ ಆಪ್ತ ಸಮಾಲೋಚನೆ ಶುರುವಾಗಿದೆ. ಪೋಸ್ಟರಿಗೆ ‘ಖಿನ್ನತೆಯೇ? ಶಾಶ್ವತ ಪರಿಹಾರ ಇಲ್ಲಿದೆ, ನೂರಕ್ಕೆ ನೂರು ಗೌಪ್ಯ’ ಎಂದು ಬರೆದಿದ್ದೇನೆ. ಸರಿಯಿದೆಯೇ?”

ಮೂರು ಮಾತುಗಳನ್ನೂ ಬದಲಿಸಬೇಕಾಗುತ್ತದೆ. ‘ಖಿನ್ನತೆ’ ಎಂಬುದು ಮನೋವೈದ್ಯರು ಪರೀಕ್ಷಿಸಿ ಹೇಳಬೇಕಾದ ಕಾಯಿಲೆಯ ಹೆಸರು. ಗೋಡೆಯ ಮೇಲೆ ಅದನ್ನು ಓದಿದ ಒಬ್ಬ ಹುಡುಗ ತನಗೆ ಅದೇ ಬಂದಿದೆ ಎಂದುಕೊಂಡರೆ, ಇನ್ನೊಬ್ಬ ‘ನನಗೇನೂ ಅಂಥದ್ದಿಲ್ಲ’ ಎಂದು ಬಾಗಿಲಿನತ್ತ ಸುಳಿಯುವುದೇ ಇಲ್ಲ. ಮಕ್ಕಳು ನಮ್ಮ ಬಳಿ ಬಂದು ಹೇಳುವುದು ‘ಓದಿದ್ದು ತಲೆಗೆ ಹೋಗುತ್ತಿಲ್ಲ’, ‘ನಿದ್ದೆ ಹತ್ತುತ್ತಿಲ್ಲ’ ಎಂದೇ ಆದ್ದರಿಂದ ಅದನ್ನೇ ಬರೆಯಿರಿ. ‘ಶಾಶ್ವತ ಪರಿಹಾರ’ವನ್ನು ಯಾವ ಸಮಾಲೋಚಕರೂ ಕೊಡಲಾರರು, ಅದನ್ನು ತೆಗೆದುಬಿಡಿ.

ನಿಜವಾಗಿ ಯೋಚಿಸಬೇಕಾದದ್ದು ಮೂರನೆಯದು. ಪಿಯು ಓದುವ ಹೆಚ್ಚಿನವರು 18 ತುಂಬದವರು. ಅಂಥವರ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ಗೊತ್ತಾದರೆ, 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ಪೊಲೀಸರಿಗೆ ತಿಳಿಸುವುದು ಸಮಾಲೋಚಕರಿಗೂ ಕಡ್ಡಾಯ. ಪ್ರಾಣಕ್ಕೆ ಅಪಾಯವಿದೆ ಎನಿಸಿದಾಗಲೂ ಸುಮ್ಮನಿರಲಾಗದು. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಇಂಥದ್ದೇ ಪೋಸ್ಟರ್ ನಮ್ಮ ಕೋಣೆಯ ಹೊರಗಿತ್ತು. ಜೀವಾಪಾಯದ ಮಾತು ಬಂದು, ಮನೆಯವರಿಗೆ ತಿಳಿಸಲೇಬೇಕು ಎಂದಾಗ ಎದುರಿಗಿದ್ದ ವಿದ್ಯಾರ್ಥಿನಿ, “ಹೊರಗೆ ಬೇರೆ ಬರೆದಿದ್ದೀರಲ್ಲ ಮೇಡಂ” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಮಿತಿಯನ್ನು ಮೊದಲೇ ಹೇಳಿದರೆ ಮಕ್ಕಳು ಬರುವುದಿಲ್ಲ ಎಂಬ ಭಯ ನನಗೂ ಇತ್ತು. ಆದರೆ ಸಾಲು ಬದಲಿಸಿದ ಮೇಲೆ ಬರುವವರೇನೂ ಕಡಿಮೆಯಾಗಲಿಲ್ಲ.

ನಾನಾದರೆ ಹೀಗೆ ಬರೆಯುತ್ತೇನೆ:

“ನಿದ್ದೆ ಹತ್ತುತ್ತಿಲ್ಲವೇ? ಓದಿನಲ್ಲಿ ಮನಸ್ಸು ನಿಲ್ಲುತ್ತಿಲ್ಲವೇ? ಯಾರಲ್ಲೂ ಹೇಳಿಕೊಳ್ಳಲಾಗುತ್ತಿಲ್ಲವೇ? ಬನ್ನಿ, ಕುಳಿತು ಮಾತನಾಡೋಣ. ನೀವು ಹೇಳಿದ್ದನ್ನು ಗೌಪ್ಯವಾಗಿಡುತ್ತೇವೆ. ನಿಮ್ಮ ಅಥವಾ ಇನ್ನೊಬ್ಬರ ಸುರಕ್ಷತೆಗೆ ಅಪಾಯವಿದ್ದರೆ, ಇಲ್ಲವೇ ಕಾನೂನಿನ ಪ್ರಕಾರ ತಿಳಿಸಲೇಬೇಕಿದ್ದರೆ ಮಾತ್ರ ಸಂಬಂಧಪಟ್ಟವರಿಗೆ ತಿಳಿಸುತ್ತೇವೆ. ಸಾಧ್ಯವಾದ ಮಟ್ಟಿಗೆ ಅದನ್ನು ಮೊದಲು ನಿಮಗೇ ಹೇಳುತ್ತೇವೆ. ಕಾಲೇಜಿನ ಹೊರಗೆ, ಯಾವ ಹೊತ್ತಿನಲ್ಲಾದರೂ: ಟೆಲಿ ಮಾನಸ್, 14416.”

ಕೊನೆಯದು ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತನಾಡಬಹುದು. ‘ತಂದೆತಾಯಿಗೂ ಹೇಳುವುದಿಲ್ಲ’ ಎಂದು ಮಾತ್ರ ಸೇರಿಸಬೇಡಿ. 18ರ ಒಳಗಿನವರ ವಿಷಯದಲ್ಲಿ ಆ ಮಾತನ್ನು ಎಲ್ಲ ಸಂದರ್ಭದಲ್ಲೂ ಉಳಿಸಿಕೊಳ್ಳಲಾಗದು.

ಪೋಸ್ಟರ್ ಅಂಟಿಸುವ ಮೊದಲು ಕೋಣೆಯ ಹೊರಗಿನ ಮೇಜನ್ನೂ ಒಮ್ಮೆ ನೋಡಿ. ನಮ್ಮಲ್ಲಿ ಅಟೆಂಡರ್ ಬಳಿ ಹೆಸರು, ತರಗತಿ, ‘ಬಂದ ಕಾರಣ’ ಎಂಬ ಕಾಲಮ್ಮುಗಳಿದ್ದ ರಿಜಿಸ್ಟರ್ ಇತ್ತು. ಮುಂದಿನವರು ಸಹಿ ಹಾಕುವಾಗ ಹಿಂದಿನವರದ್ದನ್ನೆಲ್ಲ ಓದಬಹುದಿತ್ತು. ಈಗ ಹೊರಗೆ ಕ್ರಮಸಂಖ್ಯೆಯನ್ನಷ್ಟೇ ಬರೆಸುತ್ತೇವೆ, ಹೆಸರಿರುವ ಪುಸ್ತಕ ನನ್ನ ಬೀರುವಿನಲ್ಲಿ ಬೀಗದೊಳಗಿದೆ. ಇದೇ ಸಾಲುಗಳನ್ನು ಇನ್‌ಸ್ಟಾಗ್ರಾಮಿಗೆ ಹಾಕುವುದಾದರೆ ಕಾಮೆಂಟ್ ಮುಚ್ಚಿಡಿ, ‘ಕಷ್ಟದಲ್ಲಿರುವ ಗೆಳೆಯರನ್ನು ಟ್ಯಾಗ್ ಮಾಡಿ’ ಎಂದು ಬರೆಯಬೇಡಿ.