ಆ 21ನೇ ದಿನ ನಿಮ್ಮದಲ್ಲ

"ಮೇಡಂ, ನನಗೆ ಮುಟ್ಟು 35 ದಿನಕ್ಕೊಮ್ಮೆ ಆಗುತ್ತೆ. 21ನೇ ದಿನ ರಕ್ತ ಕೊಟ್ಟೆ, ಪ್ರೊಜೆಸ್ಟರಾನ್ 0.6 ಅಂತ ಬಂತು. ಅಂಡಾಣುವೇ ಬಿಡುಗಡೆ ಆಗ್ತಿಲ್ಲ ಅಂತ ಮನೆಯವರೆಲ್ಲ ಹೇಳ್ತಿದ್ದಾರೆ. ನಿಜವಾ?"
– ಓದುಗಿ, ಶಿಡ್ಲಘಟ್ಟ

ಇಲ್ಲಮ್ಮ, ಅದೊಂದು ಚೀಟಿ ನೋಡಿ ಹಾಗೆ ಹೇಳಲು ಬರುವುದಿಲ್ಲ. 21ನೇ ದಿನ ಅನ್ನುವುದು 28 ದಿನಕ್ಕೆ ಮುಟ್ಟಾಗುವವರ ಲೆಕ್ಕ.

ರಕ್ತ ಕಂಡ ದಿನವೇ ಒಂದನೇ ದಿನ. ಮುಟ್ಟಿನ ಆ ನಾಲ್ಕೈದು ದಿನ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಎಂಬ ಎರಡೂ ಹಾರ್ಮೋನುಗಳು ತಳ ಹಿಡಿದಿರುತ್ತವೆ. ಆಮೇಲೆ ಅಂಡಾಶಯದಲ್ಲಿ ಬೆಳೆಯಲು ಹೊರಟ, ಅಂಡಾಣು ಹೊತ್ತ ಪುಟ್ಟ ಕೋಶಗಳಲ್ಲಿ ಒಂದು ಮಿಕ್ಕವನ್ನು ಹಿಂದೆ ಹಾಕಿ ದೊಡ್ಡದಾಗುತ್ತದೆ, ಅದು ಬೆಳೆದಂತೆ ಈಸ್ಟ್ರೋಜನ್ ಏರುತ್ತದೆ, ಗರ್ಭಕೋಶದ ಒಳಪದರ ದಪ್ಪವಾಗುತ್ತದೆ. ಈ ಎರಡನೇ ಹಂತದಲ್ಲಿ ಪ್ರೊಜೆಸ್ಟರಾನ್ ಮಾತ್ರ ಸುಮ್ನೆ ಕೂತಿರುತ್ತದೆ, ಸಾಮಾನ್ಯವಾಗಿ ಮಿಲಿಲೀಟರಿಗೆ 1 ನ್ಯಾನೋಗ್ರಾಂ ಒಳಗೇ. ನಿಮ್ಮ 0.6 ಈ ಜಾಗದ ಅಂಕಿ.

ಮೂರನೆಯದು ಚಿಕ್ಕ ಹಂತ. ಈಸ್ಟ್ರೋಜನ್ ಎರಡು ದಿನದಷ್ಟು ಮೇಲೆಯೇ ನಿಂತರೆ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಅನ್ನುವ ಹಾರ್ಮೋನನ್ನು ಒಮ್ಮೆಲೇ ಸುರಿಯುತ್ತದೆ, ಸುಮಾರು ಒಂದೂವರೆ ದಿನದಲ್ಲಿ ಅಂಡಾಣು ಹೊರಬರುತ್ತದೆ. ಆಗ ಈಸ್ಟ್ರೋಜನ್ ಸರ್ರನೆ ಇಳಿಯುತ್ತದೆ.

ಪ್ರೊಜೆಸ್ಟರಾನ್ ಸರದಿ ಬರುವುದು ನಾಲ್ಕನೇ ಹಂತದಲ್ಲಿ. ಅಂಡಾಣು ಬಿಟ್ಟ ಕೋಶವೇ ಹಳದಿ ಗಂಟಾಗಿ ಅದನ್ನು ತಯಾರಿಸುತ್ತದೆ. ಜೊತೆಗೆ ಈಸ್ಟ್ರೋಜನ್ನೂ ಇನ್ನೊಮ್ಮೆ ಏರುತ್ತದೆ, ಮೊದಲಿನಷ್ಟು ಎತ್ತರಕ್ಕಲ್ಲ. ವಾರ ಕಳೆಯುವ ಹೊತ್ತಿಗೆ ಪ್ರೊಜೆಸ್ಟರಾನ್ ತುದಿ ಮುಟ್ಟುತ್ತದೆ. ಗರ್ಭ ನಿಲ್ಲದಿದ್ದರೆ ಗಂಟು ಬಾಡುತ್ತದೆ, ಎರಡೂ ಬೀಳುತ್ತವೆ, ಆಸರೆ ತಪ್ಪಿದ ಒಳಪದರ ಕಳಚಿ ಮತ್ತೆ ಮುಟ್ಟು.

ಈಗ ನಿಮ್ಮ ಲೆಕ್ಕ. ಈ ಕೊನೆಯ ಹಂತ ಹೆಚ್ಚಿನವರಿಗೆ 14 ದಿನದ ಆಸುಪಾಸು. ಚಕ್ರ ಉದ್ದವಾದರೆ ಹಿಗ್ಗುವುದು ಮುಂಚಿನ ಭಾಗ. 35ರಲ್ಲಿ 14 ಕಳೆದರೆ 21. ಅಂದರೆ ಅಂಡಾಣು ಹೊರಬರುವ ಹೊತ್ತಿಗೇ ರಕ್ತ ಕೊಟ್ಟಿದ್ದೀರಿ, ಪ್ರೊಜೆಸ್ಟರಾನ್ ಇನ್ನೂ ಎದ್ದಿರಲೇ ಇಲ್ಲ! ನಿಮ್ಮೂರಲ್ಲಿ ರೇಷ್ಮೆ ಗೂಡು ಬಿಡಿಸಲು ಹುಳುವನ್ನು ಗೂಡು ಕಟ್ಟುವ ಚಂದ್ರಿಕೆಗೆ ಬಿಟ್ಟ ದಿನದಿಂದ ತಾನೇ ಎಣಿಸುವುದು, ಚಾಕಿ ಮರಿಹುಳು ತಂದ ದಿನದಿಂದ ಅಲ್ಲ ಅಲ್ವಾ?

ನಿಮಗೆ ಸರಿಯಾದ ದಿನ 28ನೆಯದು, ಅಂದರೆ ಮುಂದಿನ ಮುಟ್ಟಿಗೆ ಏಳು ದಿನ ಮೊದಲು. ಆಗ ಮಿಲಿಲೀಟರಿಗೆ 3 ನ್ಯಾನೋಗ್ರಾಂ ದಾಟಿದರೆ ಅಂಡಾಣು ಬಿಡುಗಡೆಯಾಗಿದೆ ಅಂತ. ಪಕ್ಕದ ಮನೆಯವಳಿಗೆ 14, ನನಗೆ 7 ಅಂತ ಹೋಲಿಸಬೇಡಿ, ಈ ಹಾರ್ಮೋನು ಒಂದೇ ದಿನದಲ್ಲಿ ಗಂಟೆಗಂಟೆಗೂ ಜಾಸ್ತಿ ಕಡಿಮೆ ಆಗುತ್ತದೆ.

ರಕ್ತ ಕೊಟ್ಟ ಮೇಲೆ ಮುಟ್ಟು ಯಾವತ್ತು ಬಂತು ಅಂತಲೂ ಬರೆದಿಡಿ. ರಕ್ತ ಕೊಟ್ಟು ಹದಿನೈದು ದಿನ ಕಳೆದು ಬಂದರೆ ಆ ಪರೀಕ್ಷೆಯೂ ಬೇಗ ಆಯಿತು ಅಂತಲೇ. ಏಳೆಂಟು ದಿನಕ್ಕೇ ಬಂದು, ಅಂಕಿ ಇನ್ನೂ 3ರ ಕೆಳಗಿದ್ದರೆ ಸ್ತ್ರೀರೋಗ ತಜ್ಞರನ್ನು ನೋಡಿ. ಥೈರಾಯ್ಡ್ ತೊಂದರೆ, ಪ್ರೊಲ್ಯಾಕ್ಟಿನ್ ಹಾರ್ಮೋನಿನ ಏರಿಕೆ, ಪಿಸಿಓಎಸ್ ಇವೆಯಾ ಅಂತ ಅವರು ಹುಡುಕುತ್ತಾರೆ.